ತಣ್ಣೀರು ಹರಿಯುವ ತೊಲೆ ಬೆವರದಂತೆ

ಬೆಂಗಳೂರಿನಂಥ ಊರಿನಲ್ಲಿ ಹತ್ತು ಜನ ಕೂರುವ ಒಂದು ಕಚೇರಿ ಕೋಣೆ. ಚಾವಣಿಯಲ್ಲಿ ತೊಲೆಯಂತೆ ಉದ್ದನೆಯ ಪೆಟ್ಟಿಗೆ, ಅದರೊಳಗೆ ತಣ್ಣೀರಿನ ತಾಮ್ರದ ಕೊಳವೆ. ಇದೇ ಆಕ್ಟಿವ್ ಚಿಲ್ಡ್ ಬೀಮ್. ಯಂತ್ರದ ಕೋಣೆಯಲ್ಲಿ ಒಣಗಿಸಿದ ಹೊರಗಾಳಿ ಸಣ್ಣ ಮೂತಿಗಳಿಂದ ರಭಸವಾಗಿ ನುಗ್ಗಿ, ತನ್ನ ಎರಡು ಮೂರು ಪಟ್ಟು ಕೋಣೆಯ ಗಾಳಿಯನ್ನು ಕೊಳವೆಗಳ ಮೇಲೆ ಸೆಳೆದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಫ್ಯಾನ್ ಇಲ್ಲ. ಹನಿ ಹಿಡಿಯುವ ತಟ್ಟೆಯೂ ಸಾಮಾನ್ಯವಾಗಿ ಇರುವುದಿಲ್ಲ.

ಆದ್ದರಿಂದ ಹನಿಗಟ್ಟಲೇಬಾರದು.

ಕೋಣೆ 24 ಡಿಗ್ರಿ, ತೇವಾಂಶ ಶೇ. 50 ಇದ್ದರೆ, ಸುಮಾರು 13 ಡಿಗ್ರಿಗಿಂತ ತಣ್ಣಗಿನ ಮೈಮೇಲೆ ಇಬ್ಬನಿ ಕೂರುತ್ತದೆ. ಹಾಗಾಗಿ ನೀರನ್ನು 15 ಡಿಗ್ರಿಯಲ್ಲಿ ಬಿಡುತ್ತಾರೆ.

ಆದರೆ ಹತ್ತು ಜನರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 800 ಗ್ರಾಂ ನೀರಾವಿ ಸೇರುತ್ತದೆ. ಅದನ್ನು ಹೊರಹಾಕುವ ಕೆಲಸ ಒಣಗಾಳಿಯದೇ. ತಲೆಗೆ ಸೆಕೆಂಡಿಗೆ 12 ಲೀಟರ್‌ನಂತೆ 120 ಲೀಟರ್ ಕೊಟ್ಟರೆ, ಆ ಗಾಳಿಯ ಇಬ್ಬನಿ ಬಿಂದು 10 ಡಿಗ್ರಿಯಷ್ಟಿರಬೇಕು. ತಾಜಾ ಗಾಳಿಯ ಅಗತ್ಯವನ್ನಷ್ಟೇ ನೋಡಿ ಗಾಳಿ ಕಡಿತಗೊಳಿಸಿದ ವಿನ್ಯಾಸ ಎಡವುವುದು ಇಲ್ಲೇ.

ಮಳೆಗಾಲದಲ್ಲಿ ಯಾರೋ ಕಿಟಕಿ ತೆರೆದರೆ 19 ಡಿಗ್ರಿ ಇಬ್ಬನಿ ಬಿಂದುವಿನ ಗಾಳಿ ಒಳಬರುತ್ತದೆ. ಮೊದಲು ಮಂಜಾಗುವುದು ನೀರು ಒಳಬರುವ ಕೊಳವೆ. ಅಲ್ಲಿ ಕಟ್ಟಿದ ತೇವ ಸಂವೇದಕ ಕವಾಟ ಮುಚ್ಚಿಸುತ್ತದೆ. ಒಣಗಾಳಿ ಮಾತ್ರ ಹರಿಯುತ್ತಿರುತ್ತದೆ. ಸೋಮವಾರ ಬೆಳಿಗ್ಗೆಯೂ ಇದೇ ಕ್ರಮ: ಮೊದಲು ಒಣಗಾಳಿ, ಕೋಣೆ ಒಣಗಿದ ಮೇಲೆ ತಣ್ಣೀರು.