ಆಯಿಯ ಮಾಡದಲ್ಲಿ ಹೊಸ ಫೋಟೋ

ಬನಶಂಕರಿ ಗುಡಿಯ ಮಗ್ಗುಲಿನ ಚೊಳಚಗುಡ್ಡದಲ್ಲಿರುವ ನನ್ನ ಆಯಿಗೆ ಎಂಬತ್ತರ ಮೇಲೆ ವಯಸ್ಸು. ಆಕೆಯ ಹತ್ತಿರ ಇರುವುದು ಗುಂಡಿಯೊತ್ತುವ ಸಣ್ಣ ಫೋನು. ಅದರಲ್ಲಿ ಮಾತು ಬರುತ್ತದೆ, ಮೋರೆ ಬರುವುದಿಲ್ಲ. ಕಳೆದ ವರ್ಷ ಪುಣೆಯಲ್ಲಿರುವ ನಮ್ಮ ಅಣ್ಣನಿಗೆ ಗಂಡುಮಗು ಹುಟ್ಟಿತು. ದಿನಕ್ಕೆ ಹತ್ತು ಫೋಟೋ ನಮ್ಮೆಲ್ಲರ ಫೋನುಗಳಿಗೆ ಬಂದು ಬೀಳುತ್ತಿದ್ದವು. ಮರಿಮಗನನ್ನು ಕಾಣಲು ಹಂಬಲಿಸುತ್ತಿದ್ದ ಆಯಿಗೆ ಮಾತ್ರ ಒಂದೂ ಇಲ್ಲ. ಮನೆಗೆ ಬಂದವರು ತಮ್ಮ ಫೋನು ಮುಂದೆ ಹಿಡಿದರೆ ಆಕೆಯ ಬೆರಳು ತಾಗಿ ಚಿತ್ರ ಸರಿದುಹೋಗುತ್ತಿತ್ತು. ಇದಕ್ಕೆ ಉಪಾಯ ಹುಡುಕುತ್ತ ನಾನು ಮಾಡಿದ ತಪ್ಪುಗಳೇ ಈ ಲೇಖನದ ಬಂಡವಾಳ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹೆಸರಿಡುವ ದಿನ ಹದಿನಾಲ್ಕು ಜನ ಸಾಲಾಗಿ ನಿಂತ ಚಿತ್ರವನ್ನು 4×6 ಅಂಗುಲದ ಕಾಗದದ ಮೇಲೆ ಅಚ್ಚು ಹಾಕಿಸಿ ಒಯ್ದೆ. ಆಯಿ ಬಾಗಿಲ ಬೆಳಕಿಗೆ ಹಿಡಿದು ನೋಡಿ, "ಇವು ಮಾರಿ ಏನೋ ತಮ್ಮಾ, ಅಕ್ಕಿಕಾಳ ಚೆಲ್ಲಿದಂಗ ಅದಾವು" ಎಂದಳು. ಆಕೆ ಹೇಳಿದ್ದು ಲೆಕ್ಕಕ್ಕೂ ಸರಿ. ಆರು ಅಂಗುಲದಲ್ಲಿ ಹದಿನಾಲ್ಕು ಜನರೆಂದರೆ ಒಬ್ಬೊಬ್ಬರಿಗೆ ಅರ್ಧ ಅಂಗುಲವೂ ಇಲ್ಲ, ಮೋರೆಗೆ ಅದರಲ್ಲರ್ಧ. ಸಾಲದುದಕ್ಕೆ ಹಿಂದೆ ನಿಂತ ಎತ್ತರದವರ ನೆತ್ತಿಯೇ ಹೋಗಿತ್ತು. ಸಾಮಾನ್ಯವಾಗಿ ಫೋನಿನ ಚಿತ್ರದ ಉದ್ದಗಲ ನಾಲ್ಕಕ್ಕೆ ಮೂರರ ಪ್ರಮಾಣದ್ದು. ಆರು ಅಂಗುಲ ಉದ್ದವಿದ್ದರೆ ಅದಕ್ಕೆ ನಾಲ್ಕೂವರೆ ಅಂಗುಲ ಎತ್ತರ ಬೇಕು. ಕಾಗದ ಇರುವುದು ನಾಲ್ಕೇ. ಉಳಿದ ಅರ್ಧ ಅಂಗುಲವನ್ನು ಯಂತ್ರ ಕತ್ತರಿಸಿ ಬಿಡುತ್ತದೆ. 6×8 ಕೇಳಿದರೆ ಈ ತೊಡಕಿಲ್ಲ, ಪ್ರಮಾಣ ಸರಿಯಾಗಿ ಕೂಡುತ್ತದೆ.

ಎರಡನೆಯ ಸಲ ಆ ಸಾಲಿನಿಂದ ಕೂಸು ಮತ್ತು ತಾಯಿಯನ್ನಷ್ಟೇ ಬಿಡಿಸಿಕೊಂಡು 6×8ಕ್ಕೆ ಹಿಗ್ಗಿಸಿದೆ. ಬಂದದ್ದು ನೀರಿನಲ್ಲಿ ಕಂಡಂತೆ ಕಲಸಿದ ಚಿತ್ರ! ಕಾರಣ ಹೀಗೆ. ವಾಟ್ಸಾಪಿನಲ್ಲಿ ಸಾಧಾರಣ ರೀತಿಯಿಂದ ಕಳಿಸಿದ ಚಿತ್ರ ದಾರಿಯಲ್ಲಿ ಸೊರಗಿ, ಉದ್ದಕ್ಕೆ ಸುಮಾರು 1600 ಚುಕ್ಕೆ ಉಳಿಯುತ್ತದೆ. ಇಡೀ ಚಿತ್ರವನ್ನು ಎಂಟು ಅಂಗುಲಕ್ಕೆ ಹರಡಿದರೆ ಅಂಗುಲಕ್ಕೆ 200 ಚುಕ್ಕೆ; ಕಣ್ಣಿಗೆ ಸಾಕು. ಮೂರರಲ್ಲೊಂದು ಪಾಲು ಕತ್ತರಿಸಿ ಅಷ್ಟೇ ಹರಡಿದರೆ ಅರವತ್ತೇಳೂ ತುಂಬದು. ಅದೇ ಚಿತ್ರವನ್ನು ಅಣ್ಣನಿಂದ ಡಾಕ್ಯುಮೆಂಟ್ ರೂಪದಲ್ಲಿ ತರಿಸಿದಾಗ 4000 ಚುಕ್ಕೆಯ ಮೂಲವೇ ಬಂತು, ಅದೇ ತುಂಡು ಅಂಗುಲಕ್ಕೆ 160ರ ಮೇಲೆ ನಿಂತಿತು. ಅದಕ್ಕಿಂತಲೂ ಸುಲಭದ ಹಾದಿಯೆಂದರೆ ಮೊದಲೇ ಹತ್ತಿರದಿಂದ, ಒಂದೋ ಎರಡೋ ಮೋರೆಯನ್ನು ಬಯಲ ಬೆಳಕಿನಲ್ಲಿ ತೆಗೆಯಿರೆಂದು ಹೇಳುವುದು. ಪೊರೆ ಕವಿಯುತ್ತಿರುವ ಕಣ್ಣಿಗೆ ಮೋರೆ ಎರಡು ಅಂಗುಲವಾದರೂ ಇರಲಿ. ಬಿಳಿಯ ಗೋಡೆಯ ಮುಂದೆ ಬಿಳಿಯ ಅಂಗಿ ತೊಟ್ಟ ಕೂಸು ಅಂಥ ಕಣ್ಣಿಗೆ ಕಾಣುವುದೇ ಇಲ್ಲ.

ಕಾಗದದಲ್ಲೂ ಮೋಸ ಹೋದೆ. ಒಂದು ಅಂಗಡಿಯ ಶಾಯಿಯ ಅಚ್ಚು ಆಯಿಯ ಒದ್ದೆ ಕೈ ತಾಗಿ ಹರಿದಾಡಿತು. ಆಕೆ ಫೋಟೋ ನೋಡುವುದು ಮುಸುರೆ ತೊಳೆಯುವ ನಡುವೆಯೇ ತಾನೆ? ಈಗ ಮೊದಲ ಪ್ರತಿಯ ಮೂಲೆಗೆ ಒದ್ದೆ ಬೆರಳು ಒತ್ತಿ ನೋಡುತ್ತೇನೆ. ಬಣ್ಣ ಬೆರಳಿಗೆ ಬಂದರೆ, ಸ್ಟುಡಿಯೋದ ಫೋಟೋ ಕಾಗದದ ಮೇಲೆಯೇ ಮತ್ತೆ ಮಾಡಿಸುತ್ತೇನೆ.

ಚೌಕಟ್ಟಿನ ಮಾತು ಬೇರೆ. ನಾನು ಹುರುಪಿನಿಂದ ಅಜ್ಜನ ಫೋಟೋದ ಪಕ್ಕಕ್ಕೆ ಮೊಳೆ ಹೊಡೆಯಹೋದಾಗ ಆಯಿ ಗದರಿಸಿಯೇ ಬಿಟ್ಟಳು: "ಮಾಲಿ ಹಾಕಿದವರ ಸಾಲಿನ್ಯಾಗ ಬದುಕಿದ್ದ ಕೂಸನ್ನ ನಿಂದರಸ್ತೀಯೇನೋ?" ಅಂದಿನಿಂದ ಫೋಟೋ ಗೋಡೆಯ ಮೇಲಲ್ಲ, ಮಾಡದಲ್ಲಿ ನಿಲ್ಲುತ್ತದೆ. ದೀಪದ ಮಾಡವಲ್ಲ, ಆಚೆಯದು. ಎಣ್ಣೆಯ ಮಸಿ ಗಾಜಿಗೆ ಕೂಡುತ್ತದೆ. ಬೆನ್ನ ತಗಡು ತಿರುವಿದರೆ ತೆರೆಯುವ ಚೌಕಟ್ಟು ಬೇಕು. ಗಾಜಿಗೂ ಚಿತ್ರಕ್ಕೂ ನಡುವೆ ದಪ್ಪ ಕಾಗದದ ಅಂಚು ಕೊಡಿಸಬೇಕು. ಇಲ್ಲವಾದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿ, ಬಿಡಿಸುವಾಗ ಮೋರೆಯೇ ಕಿತ್ತು ಬರುತ್ತದೆ.

ಚಿಕ್ಕಪ್ಪ ಒಮ್ಮೆ ವಿದ್ಯುತ್ ಚೌಕಟ್ಟನ್ನೂ ತಂದಿದ್ದ. ಮನೆಯಲ್ಲಿ ವೈಫೈ ಇಲ್ಲದ ಕಾರಣ ಪೆನ್ ಡ್ರೈವಿನಲ್ಲಿ ಚಿತ್ರ ತುಂಬಿದೆವು. ಅರ್ಧ ಚಿತ್ರಗಳು ತೆರೆಯಲೇ ಇಲ್ಲ. ಅವು ಅಣ್ಣನ ಐಫೋನಿನ HEIC ಮಾದರಿಯವು, ಆ ಯಂತ್ರಕ್ಕೆ ತಿಳಿದದ್ದು JPEG ಮಾತ್ರ. ಬದಲಿಸಿ ತುಂಬಿದ ಮೇಲೆ ಐದೈದು ಸೆಕೆಂಡಿಗೆ ಚಿತ್ರ ಓಡತೊಡಗಿತು. "ಹಿಡೀಬೇಕನ್ನೂದ್ರಾಗ ಓಡಿಹೋಗ್ತಾನಲ್ಲೋ" ಎಂದಳು ಆಯಿ. ಒಂದು ಚಿತ್ರ ಹತ್ತು ನಿಮಿಷ ನಿಲ್ಲುವಂತೆ ತಿದ್ದಿದೆವು. ಕರೆಂಟು ಹೋದಾಗ ಅದು ಕಪ್ಪು ಹಲಗೆ. ಈಗ ಹಬ್ಬಕ್ಕೆ ಎಲ್ಲರೂ ಕೂಡಿದಾಗಷ್ಟೇ ಹಚ್ಚುತ್ತೇವೆ.

ದಿನನಿತ್ಯಕ್ಕೆ ನಿಂತದ್ದು ಕಾಗದವೇ. ಪ್ರತಿ ಹುಣ್ಣಿಮೆಗೆ ಒಂದೇ ಒಂದು ಹೊಸ ಚಿತ್ರ. ಹಳೆಯದನ್ನು ತೆಗೆಯುವುದಿಲ್ಲ, ಅದರ ಮುಂದೆ ಹೊಸದನ್ನು ಸೇರಿಸುತ್ತೇನೆ. ಯಾರು, ಯಾವ ಊರು, ಯಾವ ತಿಂಗಳು ಎಂಬುದನ್ನು ಚೀಟಿಯಲ್ಲಿ ದಪ್ಪಕ್ಷರದಿಂದ ಬರೆದು ಬೆನ್ನಿಗೆ ಅಂಟಿಸುತ್ತೇನೆ; ನೇರವಾಗಿ ಬಾಲ್‌ಪೆನ್ ಒತ್ತಿದರೆ ಗೀರು ಮುಂದಕ್ಕೆ ಮೂಡುತ್ತದೆ.

ಬನದ ಹುಣ್ಣಿಮೆಗೆ ತೇರು ನೋಡಿ ಮನೆಗೆ ಬಂದಾಗ ಆಯಿ ಚೌಕಟ್ಟಿನ ಬೆನ್ನು ತೆರೆದು ಏಳು ತಿಂಗಳ ಚಿತ್ರಗಳನ್ನು ಚಾಪೆಯ ಮೇಲೆ ಸಾಲಾಗಿ ಹರಡಿದ್ದಳು. ಮಡಿಲಲ್ಲಿ ಗುಳೇದಗುಡ್ಡದ ಖಣದ ಅರ್ಧ ಹೊಲಿದ ಕುಲಾವಿ. ಮೊದಲಿನ ಚಿತ್ರವನ್ನೂ ಕೊನೆಯದನ್ನೂ ಕೈಯಲ್ಲಿ ಹಿಡಿದು, "ತಲಿ ಬೆಳದೈತಿ ನೋಡು. ಇದನ್ನ ಎರಡು ಬಟ್ಟು ಬಿಚ್ಚಿ ಹೊಲೀಬೇಕು" ಎಂದು ನನ್ನ ಕೈಗೆ ಸೂಜಿಯನ್ನು ಕೊಟ್ಟಳು, ದಾರ ಪೋಣಿಸಲಿಕ್ಕೆ.