20 ಸೆಕೆಂಡಿನ ಕಾಗೆ ಸಿನಿಮಾ

ಬಾಯಾರಿದ ಕಾಗೆಯ ಕತೆಯಲ್ಲಿ ಜಾಗ ಒಂದೇ, ಪಾತ್ರವೂ ಒಂದೇ, ಮಾತಂತೂ ಬೇಕಿಲ್ಲ. ಶಾಲೆಯ ಅನಿಮೇಷನ್ ಕ್ಲಬ್ಬಿಗೆ ಹೇಳಿ ಮಾಡಿಸಿದಂಥ ಕತೆ. ಗುಂಪಿಗೆ ಐದಾರು ಮಕ್ಕಳು, ಒಂದು ಮೊಬೈಲ್, ದಿನಕ್ಕೆ ಒಂದೂವರೆ ಗಂಟೆ ಇದ್ದರೆ ಸೋಮವಾರ ಶುರು ಮಾಡಿ ಶನಿವಾರ ತೆರೆಗೆ ತರಬಹುದು.

ಸೋಮವಾರ ಮೊಬೈಲ್ ಬೀರುವಿನಲ್ಲೇ ಇರಲಿ. ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚೆಂಡು ಬರೆಸಿ, ಪುಟಗಳನ್ನು ಸರ್ರನೆ ಹಾರಿಸಿ ತೋರಿಸಿ. ಪುಟದಿಂದ ಪುಟಕ್ಕೆ ಚೆಂಡು ಸ್ವಲ್ಪವೇ ಸರಿದಿದ್ದರೆ ನಿಧಾನ, ದೂರ ಸರಿದಿದ್ದರೆ ವೇಗ. ವಾರದ ಮುಖ್ಯ ಪಾಠ ಇದೇ.

ಮಂಗಳವಾರ ಕತೆಯನ್ನು ಆರು ಚೌಕಗಳಲ್ಲಿ ಬಿಡಿಸಿ, ಒಂದೊಂದಕ್ಕೂ ಸೆಕೆಂಡು ಹಂಚಬೇಕು. ಕಾಗೆ ಹಾರಿ ಬರಲು 3, ಹೂಜಿಯೊಳಗೆ ಇಣುಕಲು 3, ಯೋಚಿಸಲು 2, ಕಲ್ಲು ಹಾಕಲು 7, ನೀರು ಕುಡಿಯಲು 3, ಹಾರಿಹೋಗಲು 2. ಒಟ್ಟು 20. ಸೆಕೆಂಡಿಗೆ 12 ಫೋಟೊ ಎಂದರೆ 240 ಫೋಟೊ. ಯೋಚಿಸುವ ಕಾಗೆ ಅಲುಗಾಡುವುದಿಲ್ಲವಲ್ಲ, ಅಲ್ಲಿ ಒಂದೇ ಫೋಟೊ ತೆಗೆದು ಆ್ಯಪ್‌ನಲ್ಲಿ ನಕಲು ಮಾಡಿದರೆ ಸಾಕು.

ಬುಧವಾರ ಕತ್ತರಿ ಕೆಲಸ. ದಪ್ಪ ಕಾಗದದಲ್ಲಿ ಕಾಗೆಯ ಮೈ, ರೆಕ್ಕೆ, ಕೊಕ್ಕು ಬೇರೆ ಬೇರೆಯಾಗಿರಲಿ. ಅಂಟಿಸಬೇಕಿಲ್ಲ, ಕ್ಯಾಮೆರಾ ಮೇಲಿನಿಂದ ನೋಡುವುದರಿಂದ ಎಲ್ಲವೂ ನೆಲದ ಮೇಲೆ ಮಲಗಿಯೇ ಇರುತ್ತವೆ. ಹೂಜಿಯ ಹೊಟ್ಟೆಯಲ್ಲೊಂದು ಕಿಂಡಿ ಕೊರೆದು, ಅದರ ಹಿಂದೆ ನೀಲಿ ಕಾಗದವನ್ನು ಚೂರು ಚೂರೇ ಮೇಲಕ್ಕೆ ಸರಿಸಿದರೆ ನೀರು ಏರುತ್ತದೆ.

ಗುರುವಾರ, ಶುಕ್ರವಾರ ಚಿತ್ರೀಕರಣ. ಎರಡು ಬೆಂಚುಗಳ ಮೇಲೆ ಹಲಗೆಯಿಟ್ಟು, ಲೆನ್ಸ್ ಅಂಚಿನಾಚೆ ಕೆಳಗೆ ನೋಡುವಂತೆ ಮೊಬೈಲನ್ನು ಟೇಪಿನಿಂದ ಬಿಗಿಯಿರಿ. ಕೆಳಗಿನ ಚಾರ್ಟ್ ಕಾಗದಕ್ಕೂ ಟೇಪ್ ಬೇಕು. ಸಿನಿಮಾ ಮಿಣಮಿಣ ಎನ್ನುತ್ತಿದ್ದರೆ ತಪ್ಪು ಬೆಳಕಿನದು: ಮೋಡ ಸರಿದಾಗ, ಯಾರದೋ ನೆರಳು ಬಿದ್ದಾಗ ಕ್ಯಾಮೆರಾ ತಾನಾಗಿ ಬೆಳಕು ಹೊಂದಿಸಿಕೊಳ್ಳುತ್ತದೆ. ಕಿಟಕಿ ಮುಚ್ಚಿ ದೀಪ ಹಾಕಿ, ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಫ್ಯಾನ್ ಹಾಕಿದಿರೋ, ಕಾಗೆ ನಿಜವಾಗಿಯೂ ಹಾರೀತು!

ಒಬ್ಬರು ಸರಿಸಬೇಕು, ಒಬ್ಬರು ಕ್ಲಿಕ್ ಮಾಡಬೇಕು, ಇನ್ನೊಬ್ಬರ ಕೆಲಸ ‘ಕೈ ತೆಗಿ’ ಎಂದು ಕೂಗುವುದು. ಪ್ರತಿ 12 ಫೋಟೊಗೆ ಒಮ್ಮೆ ಓಡಿಸಿ ನೋಡಿ. ಎಡವುವುದು ಸಾಮಾನ್ಯವಾಗಿ ಕಲ್ಲು ಬೀಳುವಲ್ಲಿ. ಸಮ ಅಂತರದಲ್ಲಿ ಸರಿಸಿದ ಕಲ್ಲು ಬಲೂನಿನಂತೆ ತೇಲುತ್ತಾ ಇಳಿಯುತ್ತದೆ. ಮೊದಲು ಅರ್ಧ ಸೆಂಟಿಮೀಟರ್, ಆಮೇಲೆ 1, 2, 4 ಎಂದು ಅಂತರ ಹಿಗ್ಗಿಸಿದರೆ ಅದಕ್ಕೆ ತೂಕ ಬರುತ್ತದೆ. ಸೋಮವಾರದ ಚೆಂಡು ಮಕ್ಕಳಿಗೆ ನೆನಪಾಗುವುದು ಆಗಲೇ. ನಡುವೆ ಮೊಬೈಲ್ ಅಲುಗಿದರೆ ರಿಪೇರಿಗೆ ಹೋಗಬೇಡಿ, ಆ ಚೌಕವನ್ನು ಮೊದಲಿನಿಂದ ತೆಗೆಯುವುದೇ ಸುಲಭ.

ಶನಿವಾರ ಶಬ್ದ. ನೀರಿರುವ ಬಿಂದಿಗೆಗೆ ನಿಜವಾದ ಕಲ್ಲು ಹಾಕಿ ರೆಕಾರ್ಡ್ ಮಾಡಿ. ಕಾಕಾ ಎನ್ನಲು ತರಗತಿಯಲ್ಲಿ ಪೈಪೋಟಿಯೇ ನಡೆಯುತ್ತದೆ. ಕೊನೆಗೆ ಎಲ್ಲರ ಹೆಸರು ಹಾಕಿ ತೋರಿಸಿ. ಮುಂದಿನ ಸಿನಿಮಾ ಒಂದು ಗಂಟೆಯದ್ದಾಗಲಿ ಎಂದು ಮಕ್ಕಳು ಹಟ ಹಿಡಿದರೆ, ಒಂದು ನಿಮಿಷಕ್ಕೇ 720 ಫೋಟೊ ಬೇಕೆಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿ.