ಮೊಟ್ಟೆ ತಿಂದರೆ ಹೊಟ್ಟೆ ಉಬ್ಬರ: ಇದು ಅಲರ್ಜಿಯೇ?

ಪ್ರಶ್ನೆ: ಮನೆಯಲ್ಲಿ ಮೊಟ್ಟೆ ಸಾರು ಉಂಡ ರಾತ್ರಿ ಮಗನಿಗೆ ಹೊಟ್ಟೆ ಉಬ್ಬರ, ಗ್ಯಾಸ್. ಶಾಲೆಯ ಮೊಟ್ಟೆ ನಿಲ್ಲಿಸಬೇಕೇ? (ಓದುಗರು, ಬೈಂದೂರು)

ಉತ್ತರ: ಶಾಲೆಯಲ್ಲಿ ಬೇಯಿಸಿದ ಮೊಟ್ಟೆ ತಿಂದ ದಿನ ಅವನು ಹೇಗಿರುತ್ತಾನೆ? ಆರಾಮಾಗಿದ್ದರೆ ದೂರು ಮೊಟ್ಟೆಯ ಮೇಲಲ್ಲ, ಸಾರಿನ ಮೇಲೆ. ಮೊಟ್ಟೆಯಲ್ಲಿ ಪಿಷ್ಟ, ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಗ್ಯಾಸ್ ಮಾಡುವುದು ಮುಖ್ಯವಾಗಿ ಅಂಥವನ್ನು. ನಮ್ಮ ಕುಂದಾಪುರ, ಬ್ರಹ್ಮಾವರದ ಸಾರಿಗೆ ಬೀಳುವ ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಫ್ರಕ್ಟಾನ್ ಎಂಬ ನಾರು ಬೇಕಾದಷ್ಟಿದೆ. ತೆಂಗಿನಕಾಯಿಯ ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ.

ಬರೀ ಬೇಯಿಸಿದ ಮೊಟ್ಟೆಯಿಂದಲೂ ಪ್ರತಿ ಸಲ ಉಬ್ಬರಿಸಿದರೆ ಅದನ್ನು ಅಸಹಿಷ್ಣುತೆ ಎನ್ನಬಹುದು: ಜೀರ್ಣಾಂಗದ ತೊಂದರೆ, ಹಿಂಸೆ ಹೌದು, ಪ್ರಾಣಾಪಾಯವಲ್ಲ. ಪ್ರಮಾಣ ಇಳಿಸಿದರೆ ಎಷ್ಟೋ ಮಕ್ಕಳಿಗೆ ಒಗ್ಗುತ್ತದೆ.

ಅಲರ್ಜಿಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಮೊಟ್ಟೆಯ, ಹೆಚ್ಚಾಗಿ ಬಿಳಿಭಾಗದ, ಪ್ರೋಟೀನಿನ ಮೇಲೆ ತಿರುಗಿಬೀಳುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷಗಳಿಂದ 2 ಗಂಟೆಯೊಳಗೆ ಮೈಮೇಲೆ ತುರಿಕೆಯ ದದ್ದು, ತುಟಿ ಊತ, ವಾಂತಿ, ಉಬ್ಬಸ. ಚೂರು ತಿಂದರೂ ಸಾಕು. ಇವುಗಳಲ್ಲಿ ಒಂದನ್ನಾದರೂ ಕಂಡಿದ್ದರೆ ಮನೆಯಲ್ಲಿ ತಿನ್ನಿಸಿ ಪರೀಕ್ಷಿಸಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅಲರ್ಜಿ ಖಚಿತವಾದರೆ ಶಾಲೆಯಲ್ಲಿ ತಿಳಿಸಿ, ಮೊಟ್ಟೆ ತಿನ್ನದವರಿಗೆ ಅಲ್ಲಿ ಬಾಳೆಹಣ್ಣು ಕೊಡುತ್ತಾರೆ.